ಇಳಿತಕ್ಕೆ ಮುನ್ನ ಬರೆದಿಟ್ಟ ಹಾಳೆ

2020ನೆಯ ಇಸವಿಯ ಮಾರ್ಚ್ 23ನೆಯ ಸೋಮವಾರ, ಶಾರ್ವರಿ ಸಂವತ್ಸರದ ಯುಗಾದಿಗೆ ಇನ್ನೆರಡೇ ದಿನಗಳಿದ್ದಾಗ, ಮುಂಬಯಿಯ ಷೇರುಪೇಟೆ ತೆರೆದು ಒಂದು ಗಂಟೆಯೂ ಆಗುವ ಮೊದಲೇ ಸೂಚ್ಯಂಕವು ಶೇಕಡಾ 10ರಷ್ಟು ಕುಸಿದು, ನಿಯಮದಂತೆ 45 ನಿಮಿಷಗಳ ಕಾಲ ವ್ಯವಹಾರವೇ ಸ್ತಬ್ಧವಾಯಿತು. ಮತ್ತೆ ತೆರೆದ ಮೇಲೂ ಇಳಿಕೆ ನಿಲ್ಲದೆ, ಸಂಜೆಗೆ ಸೆನ್ಸೆಕ್ಸ್ 3,934 ಅಂಶಗಳನ್ನು, ಅಂದರೆ ಶೇಕಡಾ 13ಕ್ಕಿಂತ ಹೆಚ್ಚನ್ನು, ಒಂದೇ ದಿನದಲ್ಲಿ ಕಳೆದುಕೊಂಡು 25,981ಕ್ಕೆ ಬಂದು ನಿಂತಿತು. ಜನವರಿಯ ಸಂಕ್ರಾಂತಿಯ ವೇಳೆಗೆ 12,362ರಷ್ಟಿದ್ದ ನಿಫ್ಟಿಯು ಆ ಸಂಜೆ 7,610 ಆಗಿತ್ತು. ಎರಡು ತಿಂಗಳು ಕೆಲವು ದಿನಗಳ ಅವಧಿಯಲ್ಲಿ ನೂರು ರೂಪಾಯಿ ಅರವತ್ತೆರಡಕ್ಕೂ ಕಡಿಮೆಯಾದ ಲೆಕ್ಕ ಅದು.

ಇಂಥ ವಾರ್ತೆ ಹಿಂದೆ ದೊಡ್ಡೇರಿಯಂಥ ಊರಿಗೆ ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು; ಬಂದರೂ ಅದು ಪರದೇಶದ ಸುದ್ದಿಯಂತೆ ಓದಿ ಮಡಿಸಿಡುವಂಥದಾಗಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಳೆಯಾಶ್ರಿತ ಸೀಮೆಯಲ್ಲಿ ಉಳಿತಾಯವೆಂದರೆ ಅಂಚೆ ಕಚೇರಿಯ ಪಾಸ್‌ಬುಕ್ಕು, ಒಂದಿಷ್ಟು ಚಿನ್ನ, ಒಂದೆರಡು ಎಕರೆ ನೆಲ, ಹೆಚ್ಚೆಂದರೆ ಒಂದು ಚೀಟಿ. ಈಗ ಸ್ಥಿತಿ ಹಾಗಿಲ್ಲ. 2006ರ ಏಪ್ರಿಲ್ 1ರಿಂದೀಚೆಗೆ ರಾಜ್ಯದ ಸೇವೆಗೆ ಸೇರಿದ ಶಿಕ್ಷಕರು, ಗುಮಾಸ್ತರು ರಾಷ್ಟ್ರೀಯ ಪಿಂಚಣಿ ಯೋಜನೆಯ ಮೂಲಕ, ತಾವು ಬಯಸಲಿ ಬಿಡಲಿ, ಅಲ್ಪಾಂಶದಲ್ಲಿ ಷೇರುಪೇಟೆಯ ಭಾಗಿಗಳೇ ಆಗಿದ್ದಾರೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆಯನ್ನು ಸೌರ ವಿದ್ಯುತ್ ಉದ್ಯಾನಕ್ಕೆ ಗುತ್ತಿಗೆ ಕೊಟ್ಟ ರೈತರಿಗೆ, ಎಕರೆಗೆ 21,000 ರೂಪಾಯಿಯಿಂದ ಮೊದಲ್ಗೊಂಡು, ವರ್ಷವರ್ಷವೂ ಹಣ ಬರುತ್ತದೆ. ಬೆಂಗಳೂರಿನಲ್ಲಿ ನೌಕರಿ ಹಿಡಿದ ಮಗನೋ ಮಗಳೋ ತಂದೆಯ ದೂರವಾಣಿಯಲ್ಲಿ ಒಂದು ಮ್ಯೂಚುವಲ್ ಫಂಡಿನ ಖಾತೆ ತೆರೆದುಕೊಟ್ಟು ಹೋಗಿರುತ್ತಾರೆ. ಆದಕಾರಣ ಪೇಟೆಯ ಮಹಾಪತನವು ಈಗ ಅಂಗೈಯಲ್ಲಿಯೇ, ಕೆಂಪು ಅಂಕಿಗಳಾಗಿ, ನಿಮಿಷನಿಮಿಷಕ್ಕೂ ಕಾಣಿಸುತ್ತದೆ. ಮತ್ತು ಅದರ ಕೆಳಗೇ, ಬೆರಳು ತಾಗಿಸಿದರೆ ಸಾಕೆಂಬಂತೆ, ಮಾರುವ ಗುಂಡಿಯೂ ಇರುತ್ತದೆ.

ಈ ಲೇಖನದ ವಿಷಯ ಆ ಗುಂಡಿಯನ್ನು ಒತ್ತದಿರುವುದು. ಆದರೆ ಧೈರ್ಯವಾಗಿರಿ, ಸಹನೆಯಿಂದಿರಿ ಎಂಬ ಬೋಧೆಯನ್ನು ನಾನು ಮಾಡಲಾರೆ. ಏಕೆಂದರೆ ಹನ್ನೆರಡು ಲಕ್ಷವು ಏಳು ಲಕ್ಷ ಚಿಲ್ಲರೆಯಾದುದನ್ನು ಕಂಡ ಗೃಹಸ್ಥನಲ್ಲಿ ಆ ಹೊತ್ತಿಗೆ ಧೈರ್ಯವನ್ನು ಹುಟ್ಟಿಸುವ ಮಾತು ಯಾವ ಭಾಷೆಯಲ್ಲಿಯೂ ಇಲ್ಲವೆಂದು ನನ್ನ ನಂಬಿಕೆ. ಆ ದಿನ ಬೇಕಾದುದು ಒಂದು ಹಾಳೆ: ಪೇಟೆ ಶಾಂತವಾಗಿದ್ದ ಯಾವುದೋ ಭಾನುವಾರ ಕುಳಿತು, ಅಂಕಿಗಳ ರೂಪದಲ್ಲಿ, ಇಂಥ ಸ್ಥಿತಿಯಲ್ಲಿ ಇಷ್ಟನ್ನು ಮಾಡತಕ್ಕದ್ದು, ಇಷ್ಟನ್ನು ಮಾಡತಕ್ಕದ್ದಲ್ಲ ಎಂದು ಬರೆದು ಸಹಿ ಹಾಕಿದ ಹಾಳೆ. ಅದರಲ್ಲಿ ಏನಿರಬೇಕು, ಏಕಿರಬೇಕು, ಯಾವ ಇಳಿತದಲ್ಲಿ ಅದು ಕೆಲಸ ಮಾಡುತ್ತದೆ, ಯಾವುದರಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಕುಟುಂಬದ ಲೆಕ್ಕದ ಮೂಲಕ ನೋಡುವುದು ಉಚಿತ. ಕುಟುಂಬ ಕಲ್ಪಿತ, ಪೇಟೆಯ ಅಂಕಿಗಳು ನಿಜವಾದವು.

ದೊಡ್ಡೇರಿ ಹೋಬಳಿಯ ಒಂದು ಪ್ರೌಢಶಾಲೆಯ ಮೇಷ್ಟರು, ವಯಸ್ಸು ನಲವತ್ತನಾಲ್ಕು. ಅವರ ಪತ್ನಿ ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಾರೆ. ಮಗಳು ಇನ್ನೆರಡು ವರ್ಷಗಳಲ್ಲಿ ಕಾಲೇಜಿಗೆ ಸೇರತಕ್ಕವಳು. 2020ರ ಜನವರಿಯ ಮಧ್ಯಭಾಗದಲ್ಲಿ ಅವರ ಉಳಿತಾಯ ಇಪ್ಪತ್ತು ಲಕ್ಷ. ಅದರಲ್ಲಿ ಹನ್ನೆರಡು ಲಕ್ಷ ನಿಫ್ಟಿಯ ಐವತ್ತು ಕಂಪನಿಗಳನ್ನು ಅದೇ ಪ್ರಮಾಣದಲ್ಲಿ ಕೊಂಡಿಟ್ಟುಕೊಳ್ಳುವ ಇಂಡೆಕ್ಸ್ ಫಂಡಿನಲ್ಲಿಯೂ, ಎಂಟು ಲಕ್ಷ ಬ್ಯಾಂಕಿನ ಠೇವಣಿಯಲ್ಲಿಯೂ ಇದೆ ಎಂದಿಟ್ಟುಕೊಳ್ಳೋಣ. ಅಂದರೆ ಷೇರಿನ ಪಾಲು ನೂರಕ್ಕೆ ಅರವತ್ತು. ಲೆಕ್ಕ ಸರಳವಾಗಲೆಂದು ಠೇವಣಿಯ ಬಡ್ಡಿಯನ್ನೂ ಹೊಸದಾಗಿ ಸೇರುವ ಮಾಸಿಕ ಕಂತನ್ನೂ ಬಿಟ್ಟುಬಿಡುತ್ತೇನೆ.

ಹಾಳೆಯ ಮೊದಲ ಸಾಲು ಷೇರಿನ ವಿಷಯವೇ ಅಲ್ಲ. ಮುಂದಿನ ಐದು ವರ್ಷಗಳಲ್ಲಿ ಯಾವ ಯಾವ ವೆಚ್ಚ, ಯಾವ ವರ್ಷದಲ್ಲಿ, ಎಷ್ಟು ಎಂಬುದನ್ನು ಬರೆದು ಕೂಡಿಸಿದ ಮೊತ್ತ ಅದು. ಮೇಷ್ಟರ ಮನೆಯಲ್ಲಿ ಮಗಳ ಕಾಲೇಜಿಗೆ ನಾಲ್ಕು ಲಕ್ಷ, ಮನೆಯ ಆರೇಳು ತಿಂಗಳ ಖರ್ಚಿಗೆಂದು ಎರಡು ಲಕ್ಷ, ಒಟ್ಟು ಆರು ಲಕ್ಷ. ಈ ಆರು ಲಕ್ಷ ಯಾವ ಕಾರಣಕ್ಕೂ ಷೇರುಪೇಟೆಗೆ ಹೋಗತಕ್ಕದ್ದಲ್ಲ. ಪೇಟೆ ಎಷ್ಟೇ ಅಗ್ಗವಾಗಿ ಕಂಡರೂ ಅದನ್ನು ಮುಟ್ಟತಕ್ಕದ್ದಲ್ಲ. ಮನೆಯಲ್ಲಿ ಎಷ್ಟೇ ಕಷ್ಟವಿದ್ದರೂ ಮುಂದಿನ ಮುಂಗಾರಿಗೆಂದು ಕಟ್ಟಿಟ್ಟ ಬಿತ್ತನೆ ಕಡಲೆಕಾಯಿಯ ಮೂಟೆಯನ್ನು ಬಿಚ್ಚದ ಈ ಸೀಮೆಯ ರೈತನಿಗೆ ಈ ಸಾಲನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಭೀತಿಯ ಮಾರಾಟಗಳಲ್ಲಿ ಹೆಚ್ಚಿನವು ಭೀತಿಯಿಂದ ಹುಟ್ಟಿದವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ಜೂನ್ ತಿಂಗಳ ಶುಲ್ಕದ ಹಣವನ್ನು ಷೇರಿನಲ್ಲಿಟ್ಟಿದ್ದವನು ಮಾರ್ಚಿಯಲ್ಲಿ ಅಂಜಿದರೆ ಅದು ಅವನ ದೌರ್ಬಲ್ಯವಲ್ಲ, ಸರಿಯಾದ ಅಂಜಿಕೆಯೇ ಸರಿ. ಹಣವನ್ನು ಅಲ್ಲಿ ಇಟ್ಟದ್ದು ತಪ್ಪಾಗಿತ್ತು. ಈ ಮೊದಲ ಸಾಲು ಸರಿಯಾಗಿದ್ದರೆ ಮಿಕ್ಕ ಸಾಲುಗಳನ್ನು ಪಾಲಿಸುವುದು ಮನುಷ್ಯಮಾತ್ರದವರಿಗೆ ಸಾಧ್ಯವಾಗುತ್ತದೆ; ಅದು ತಪ್ಪಿದ್ದರೆ ಎಂಥ ಸಂಕಲ್ಪವೂ ನಿಲ್ಲದು.

ಎರಡನೆಯ ಸಾಲು ಪಾಲಿನದು: ಷೇರು ಅರವತ್ತು, ಠೇವಣಿ ನಲವತ್ತು. ಈ ವಿಭಾಗದ ಆಲೋಚನೆ ಹಳೆಯದು; ಬೆಂಜಮಿನ್ ಗ್ರಹಾಂ ಎಂಬ ಅಮೆರಿಕದ ಅಧ್ಯಾಪಕ 1949ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸಾಮಾನ್ಯ ಹೂಡಿಕೆದಾರನ ಷೇರಿನ ಪಾಲು ಕಾಲುಭಾಗಕ್ಕಿಂತ ಕೆಳಗೆ ಇಳಿಯಬಾರದು, ಮುಕ್ಕಾಲು ಭಾಗಕ್ಕಿಂತ ಮೇಲೆ ಏರಬಾರದು ಎಂದು ವಿಧಿಸಿದ. ಅರವತ್ತೋ ನಲವತ್ತೋ ಎಂಬುದನ್ನು ನಿರ್ಣಯಿಸುವ ಪ್ರಾಮಾಣಿಕ ವಿಧಾನವೆಂದರೆ, ಷೇರಿನ ಭಾಗವು ಅರ್ಧಕ್ಕೆ ಇಳಿದಂತೆ ಭಾವಿಸಿ ಆ ಮೊತ್ತವನ್ನು ರೂಪಾಯಿಗಳಲ್ಲಿಯೇ ಬರೆಯುವುದು. "ಶೇಕಡಾ ಮೂವತ್ತು ನಷ್ಟ" ಎಂದರೆ ಯಾರ ಮನಸ್ಸೂ ಕಲಕುವುದಿಲ್ಲ. "ನಮ್ಮ ಇಪ್ಪತ್ತು ಲಕ್ಷ ಹದಿನಾಲ್ಕು ಲಕ್ಷವಾಗಿದೆ, ಆರು ಲಕ್ಷ ಹೋಗಿದೆ" ಎಂದು ಗಂಡಹೆಂಡಿರಿಬ್ಬರೂ ಓದಿ ಒಪ್ಪಿದರೆ ಆ ಪಾಲು ಅವರದು. ಒಪ್ಪದಿದ್ದರೆ ಅರವತ್ತನ್ನು ನಲವತ್ತಕ್ಕೆ ಇಳಿಸಬೇಕು, ಅದೂ ಅಂದೇ.

ಮೂರನೆಯ ಸಾಲು ಕ್ರಿಯೆಯದು. ಪ್ರತಿ ತಿಂಗಳ ಕಡೆಯ ವ್ಯವಹಾರದ ದಿನ, ಆ ಒಂದು ದಿನ ಮಾತ್ರ, ಲೆಕ್ಕ ನೋಡತಕ್ಕದ್ದು. ಷೇರಿನ ಪಾಲು ಐವತ್ತೈದಕ್ಕಿಂತ ಕೆಳಗೆ ಇಳಿದಿದ್ದರೆ ಠೇವಣಿಯಿಂದ ತೆಗೆದು ಮತ್ತೆ ಅರವತ್ತಕ್ಕೆ ತರತಕ್ಕದ್ದು. ಆದರೆ ಠೇವಣಿಯು ಆರು ಲಕ್ಷಕ್ಕಿಂತ ಕೆಳಗೆ ಹೋಗಕೂಡದು. ಪಾಲು ಏರಿದ್ದರೆ ತಗ್ಗಿಸುವ ಕೆಲಸ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ. ಇವುಗಳ ಹೊರತಾಗಿ ಮಾರುವುದಕ್ಕೆ ಒಂದೇ ಕಾರಣ: ಮೊದಲ ಸಾಲಿನ ವೆಚ್ಚಗಳ ಪಟ್ಟಿ ಬದಲಾಗಿರುವುದು, ಎಂದರೆ ರೋಗವೋ, ನೌಕರಿಯ ನಷ್ಟವೋ, ಮನೆಯ ಅಗತ್ಯವೋ. ಪೇಟೆ ಇಳಿದಿದೆ ಎಂಬುದು ಕಾರಣಗಳ ಪಟ್ಟಿಯಲ್ಲಿಲ್ಲ.

ಈಗ ಮಾರ್ಚಿಯ ಆ ಸೋಮವಾರಕ್ಕೆ ಬರೋಣ. ಸಂಜೆ ದೂರವಾಣಿಯಲ್ಲಿ ಹನ್ನೆರಡು ಲಕ್ಷದ ಜಾಗದಲ್ಲಿ ಏಳು ಲಕ್ಷ ಮೂವತ್ತೊಂಬತ್ತು ಸಾವಿರ ಎಂದು ಕಾಣುತ್ತದೆ. ಶಾಲೆ ಮುಚ್ಚಿದೆ, ಬಸ್ಸುಗಳಿಲ್ಲ, ಕೊರೋನಾ ರೋಗದ ಸ್ವರೂಪ ವೈದ್ಯರಿಗೂ ಸ್ಪಷ್ಟವಿಲ್ಲ. ಮನೆಯಾಕೆ ಹೇಳುತ್ತಾರೆ: "ರೀ, ಉಳಿದಿರೋದನ್ನಾದ್ರೂ ತೆಗೆದುಬಿಡಿ. ನಾಳೆ ಇದೂ ಇರುತ್ತೋ ಇಲ್ವೋ." ಈ ಮಾತಿನಲ್ಲಿ ಅವಿವೇಕವೇನೂ ಇಲ್ಲ, ಮನೆಯನ್ನು ನಡೆಸುವವಳ ಸಹಜವಾದ ಮಾತು ಅದು. ಆದರೆ ಮೇಷ್ಟರು ಬೀರುವಿನಿಂದ ಹಾಳೆಯನ್ನು ತೆಗೆದು ಅವರ ಕೈಗೇ ಕೊಟ್ಟರೆ, ಮೊದಲ ಸಾಲಿನ ಆರು ಲಕ್ಷ, ಅದರ ಮೇಲೆ ಇನ್ನೂ ಎರಡು ಲಕ್ಷ, ಠೇವಣಿಯಲ್ಲಿ ಹಾಗೆಯೇ ಇರುವುದು ಕಾಣುತ್ತದೆ. ಕೆಳಗೆ ತಮ್ಮದೇ ಸಹಿ ಕಾಣುತ್ತದೆ. ಲೆಕ್ಕ ನೋಡತಕ್ಕ ದಿನಕ್ಕೆ ಇನ್ನೂ ಎಂಟು ದಿನಗಳಿರುವುದೂ ಕಾಣುತ್ತದೆ. ಇಬ್ಬರ ಸಹಿಯಿಲ್ಲದೆ ಹಾಳೆಯನ್ನು ಮುರಿಯಕೂಡದೆಂಬ ವಿಧಿಯನ್ನು ನಾನು ಅತ್ಯಂತ ಉಪಯುಕ್ತವೆಂದು ಎಣಿಸುತ್ತೇನೆ. ಏಕೆಂದರೆ ಇಬ್ಬರಿಗೂ ಒಂದೇ ಕ್ಷಣದಲ್ಲಿ ಸಮಾನವಾದ ಭಯ ಹಿಡಿಯುವುದು ವಿರಳ.

ಇಲ್ಲಿ ಯಂತ್ರವ್ಯವಸ್ಥೆಯ ಒಂದು ಸೂಕ್ಷ್ಮವನ್ನು ತಿಳಿದಿರುವುದು ಒಳ್ಳೆಯದು. ಬಹುಮಂದಿ ಇದನ್ನು ಗಮನಿಸುವುದಿಲ್ಲ. ಮ್ಯೂಚುವಲ್ ಫಂಡಿನ ಯೂನಿಟ್ಟನ್ನು ಬೆಳಿಗ್ಗೆ ಹತ್ತು ಗಂಟೆಗೆ ಮಾರಲು ಕೊಟ್ಟರೆ, ಹತ್ತು ಗಂಟೆಯ ಬೆಲೆ ಸಿಗುವುದಿಲ್ಲ. ಪೇಟೆ ಮುಗಿದ ಮೇಲೆ ಲೆಕ್ಕ ಹಾಕುವ ಆ ದಿನದ ಎನ್‌ಎವಿ ಸಿಗುತ್ತದೆ. ಆದ್ದರಿಂದ 23ರಂದು ಬೆಳಗಿನ ಇಳಿತಕ್ಕೆ ಬೆದರಿ ಮಾರಿದವನು, ತಾನು ಕಂಡು ಬೆದರಿದ ಬೆಲೆಗಿಂತಲೂ ಕಡಿಮೆಯ ಬೆಲೆಗೆ ಮಾರಿದ. ಅದಕ್ಕೆ ಹತ್ತು ದಿನ ಹಿಂದೆ, 13ರ ಶುಕ್ರವಾರ, ಪೇಟೆ ಇದೇ ರೀತಿ ಶೇಕಡಾ 10 ಕುಸಿದು 45 ನಿಮಿಷ ನಿಂತಿತ್ತು. ಆದರೆ ಅಂದು ಸಂಜೆಗೆ ಹಿಂದಿನ ದಿನಕ್ಕಿಂತ ಮೇಲೆಯೇ ಮುಕ್ತಾಯವಾಯಿತು. ಒಂದೇ ಬಗೆಯ ಎರಡು ಬೆಳಗುಗಳು, ವಿರುದ್ಧವಾದ ಎರಡು ಸಂಜೆಗಳು. ಬೆಳಗಿನ ದೃಶ್ಯವನ್ನು ನೋಡಿ ಮಾಡುವ ನಿರ್ಣಯಕ್ಕೆ ಆಧಾರವೆಂಬುದೇ ಇಲ್ಲವೆಂದು ತೋರಿಸಲು ಇದಕ್ಕಿಂತ ಬೇರೆ ನಿದರ್ಶನ ಬೇಡ. ತಿಂಗಳಿಗೊಮ್ಮೆ ಮಾತ್ರ ನೋಡತಕ್ಕದ್ದೆಂಬ ನಿಯಮದ ಅರ್ಥ ಇದೇ.

ಮಾರ್ಚ್ 31ರಂದು ನಿಫ್ಟಿ 8,597. ಮೇಷ್ಟರ ಹನ್ನೆರಡು ಲಕ್ಷ ಆಗ ಸುಮಾರು ಎಂಟು ಲಕ್ಷ ಮೂವತ್ತೈದು ಸಾವಿರ. ಠೇವಣಿಯೂ ಸೇರಿ ಹದಿನಾರು ಲಕ್ಷ ಮೂವತ್ತೈದು ಸಾವಿರ. ಷೇರಿನ ಪಾಲು ನೂರಕ್ಕೆ ಐವತ್ತೊಂದು. ಐವತ್ತೈದಕ್ಕಿಂತ ಕೆಳಗಾದುದರಿಂದ ನಿಯಮ ಜಾಗೃತವಾಗುತ್ತದೆ: ಅರವತ್ತಕ್ಕೆ ತರಲು ಠೇವಣಿಯಿಂದ ಒಂದು ಲಕ್ಷ ನಲವತ್ತಾರು ಸಾವಿರವನ್ನು ತೆಗೆದು ಇಂಡೆಕ್ಸ್ ಫಂಡಿಗೆ ಹಾಕಬೇಕು. ಠೇವಣಿಯಲ್ಲಿ ಆರು ಲಕ್ಷ ಐವತ್ತನಾಲ್ಕು ಸಾವಿರ ಉಳಿಯುತ್ತದೆ. ಆರು ಲಕ್ಷದ ಗೆರೆ ಮುರಿಯಲಿಲ್ಲ. ಎಲ್ಲರೂ ಮಾರುತ್ತಿರುವಾಗ ಕೊಳ್ಳುವುದನ್ನು ಶೌರ್ಯವೆಂದು ಕರೆಯುವ ರೂಢಿಯುಂಟು. ಇಲ್ಲಿ ಶೌರ್ಯದ ಪ್ರಸಂಗವೇ ಇಲ್ಲ, ಒಂದು ಭಾಗಾಕಾರ ಮತ್ತು ಒಂದು ಸಹಿ, ಅಷ್ಟೆ.

ಅನಂತರ ಪೇಟೆ ಯಾರೂ ನಿರೀಕ್ಷಿಸದ ವೇಗದಲ್ಲಿ ಚೇತರಿಸಿಕೊಂಡು, ನವೆಂಬರ್ 9ರ ವೇಳೆಗೆ ಜನವರಿಯ ಎತ್ತರವನ್ನು ದಾಟಿತು. ಆ ಎತ್ತರಕ್ಕೆ ಬಂದಾಗ ಏನನ್ನೂ ಮಾಡದೆ ಸುಮ್ಮನಿದ್ದವರಿಗೆ ಇಪ್ಪತ್ತು ಲಕ್ಷ ಇಪ್ಪತ್ತೇ ಆಗಿತ್ತು. ಹಾಳೆಯಂತೆ ನಡೆದ ಮೇಷ್ಟರಿಗೆ ಇಪ್ಪತ್ತು ಲಕ್ಷ ಅರವತ್ತನಾಲ್ಕು ಸಾವಿರ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಅದು ದೊಡ್ಡದೆಂದು ಹೇಳುವವರನ್ನು ನಂಬಬೇಡಿ. ದೊಡ್ಡ ವ್ಯತ್ಯಾಸ ಇನ್ನೊಂದು ಕಡೆ ಇದೆ. 23ರಂದು ಎಲ್ಲವನ್ನೂ ಮಾರಿ ಏಳು ಲಕ್ಷ ಮೂವತ್ತೊಂಬತ್ತು ಸಾವಿರವನ್ನು ಕೈಗೆ ತೆಗೆದುಕೊಂಡವನು, ಪರಿಸ್ಥಿತಿ ತಿಳಿಯಾಯಿತೆಂದು ಜೂನ್ 30ರಂದು, ನಿಫ್ಟಿ 10,302 ಇದ್ದಾಗ, ಮರಳಿ ಕೊಂಡಿದ್ದರೂ, ನವೆಂಬರಿನಲ್ಲಿ ಹನ್ನೆರಡು ಲಕ್ಷದ ಜಾಗದಲ್ಲಿ ಅವನಿಗಿದ್ದುದು ಎಂಟು ಲಕ್ಷ ಎಂಬತ್ತೇಳು ಸಾವಿರ. ಮೂರು ಲಕ್ಷಕ್ಕೂ ಮೇಲ್ಪಟ್ಟ ಈ ನಷ್ಟವನ್ನು ಪೇಟೆ ಮಾಡಲಿಲ್ಲ. ಇಳಿತದಲ್ಲಿ ಮಾರುವವನು ಎರಡು ನಿರ್ಣಯಗಳನ್ನು ಸರಿಯಾಗಿ ಮಾಡಬೇಕಾಗುತ್ತದೆ, ಹೊರಬರುವುದೊಂದು, ಮರಳಿ ಹೋಗುವುದೊಂದು. ಮತ್ತು ಎರಡನೆಯದು ಮೊದಲಿನದಕ್ಕಿಂತ ಕಠಿನ, ಏಕೆಂದರೆ ತಾನು ಮಾರಿದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳಲು ಮನಸ್ಸು ಒಪ್ಪುವುದೇ ಇಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನನಗೆ ಇದೇ ಆ ವರ್ಷದ ಅತ್ಯಂತ ಮುಖ್ಯ ಪಾಠವಾಗಿ ಕಂಡಿದೆ. ಮಾರ್ಚಿಯ ಭೀಕರ ದಿನಗಳಲ್ಲಿ ನಮ್ಮ ದೇಶದ ಮ್ಯೂಚುವಲ್ ಫಂಡ್ ಹೂಡಿಕೆದಾರರು ಒಟ್ಟಿನಲ್ಲಿ ಹೊರಗೆ ಓಡಲಿಲ್ಲ. ಆ ತಿಂಗಳು ಈಕ್ವಿಟಿ ಫಂಡುಗಳಿಗೆ ಬಂದ ಹಣ ಹೋದ ಹಣಕ್ಕಿಂತ ಹೆಚ್ಚೇ ಇತ್ತು. ಹೊರಹರಿವು ಆರಂಭವಾದದ್ದು ಜುಲೈನಲ್ಲಿ, ಪೇಟೆ ಏರತೊಡಗಿದ ಮೇಲೆ. ಅದು ಅತ್ಯಧಿಕವಾದುದು ನವೆಂಬರಿನಲ್ಲಿ, ಹಳೆಯ ಎತ್ತರ ಮರಳಿ ಬಂದ ತಿಂಗಳಲ್ಲಿ: ಒಂದೇ ತಿಂಗಳಲ್ಲಿ ಸುಮಾರು 12,900 ಕೋಟಿ ರೂಪಾಯಿ. ಮಾರ್ಚಿಯಲ್ಲಿ 8,641 ಕೋಟಿಯಿದ್ದ ಮಾಸಿಕ ಕಂತುಗಳ ಒಟ್ಟು ಮೊತ್ತವೂ ನವೆಂಬರಿಗೆ 7,302 ಕೋಟಿಗೆ ಇಳಿದಿತ್ತು. ಇದರಲ್ಲಿ ಒಂದು ಭಾಗ ವೇತನ ನಿಂತವರ, ಅಂಗಡಿ ಮುಚ್ಚಿದವರ ನಿಜವಾದ ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. ಅವರನ್ನು ಯಾರೂ ಆಕ್ಷೇಪಿಸಲಾರರು. ಆದರೆ ಇನ್ನೊಂದು ಭಾಗ "ಅಸಲು ಬಂತಲ್ಲ, ಸಾಕಪ್ಪಾ" ಎಂದು ನಿಟ್ಟುಸಿರಿಟ್ಟು ಹೊರಬಂದವರದು ಎಂದು ಊಹಿಸಲು ಅಡ್ಡಿಯಿಲ್ಲ. ಎಂಟು ತಿಂಗಳು ಕಷ್ಟವನ್ನು ಸಹಿಸಿ, ಸಹನೆಯ ಫಲ ಕೈಗೆ ಬರುವ ಹೊಸ್ತಿಲಲ್ಲಿ ಎದ್ದುಹೋದವರು ಅವರು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ನಿಫ್ಟಿ 18,400ನ್ನು ದಾಟಿತ್ತು.

ಆದುದರಿಂದ ಹಾಳೆಯಲ್ಲಿ ಇಳಿತದ ದಿನಕ್ಕೆ ಎಷ್ಟು ಸ್ಪಷ್ಟವಾದ ವಿಧಿಯಿರುತ್ತದೆಯೋ, ಅಸಲು ಮರಳುವ ದಿನಕ್ಕೂ ಅಷ್ಟೇ ಸ್ಪಷ್ಟವಾದ ವಿಧಿ ಇರಬೇಕು. ಕೊಂಡ ಬೆಲೆ ಎಷ್ಟೆಂಬುದು ಪೇಟೆಗೆ ಗೊತ್ತಿಲ್ಲ. ಅದು ಗೊತ್ತಿರುವುದು ಕೊಂಡವನಿಗೆ ಮಾತ್ರ. ಆ ಬೆಲೆಯನ್ನು ಮಾರಾಟದ ಗುರುತಾಗಿ ಇಟ್ಟುಕೊಳ್ಳಕೂಡದೆಂದು ಹಾಳೆಯಲ್ಲಿ ಒಂದು ವಾಕ್ಯವಿದ್ದರೆ, ನವೆಂಬರಿನ ನಿಟ್ಟುಸಿರಿಗೂ ಮಾರ್ಚಿಯ ಭಯಕ್ಕೂ ಒಂದೇ ಉತ್ತರ ಸಿಕ್ಕಂತಾಗುತ್ತದೆ.

ಇಷ್ಟು ಹೇಳಿದ ಮೇಲೆ, 2020ನೆಯ ಇಳಿತ ಅನುಕೂಲವಾದ ನಿದರ್ಶನವೆಂಬುದನ್ನು ಒಪ್ಪಿಕೊಳ್ಳಬೇಕು. ಜನವರಿಯ ಎತ್ತರದಿಂದ ಎಣಿಸಿದರೂ ಅದು ಹತ್ತು ತಿಂಗಳಲ್ಲಿ ಮುಗಿಯಿತು. ಹಾಳೆಗೆ ನಿಜವಾದ ಪರೀಕ್ಷೆ 2008ರದು. ಆ ವರ್ಷದ ಜನವರಿ 8ರಂದು 20,873ರಲ್ಲಿ ಮುಕ್ತಾಯವಾದ ಸೆನ್ಸೆಕ್ಸ್, ಹದಿನಾಲ್ಕು ತಿಂಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ, 2009ರ ಮಾರ್ಚ್ 9ರಂದು 8,160 ಆಯಿತು. ಇದೇ ಮೇಷ್ಟರು ಇದೇ ಇಪ್ಪತ್ತು ಲಕ್ಷವನ್ನು ಇದೇ ನಿಯಮದಿಂದ ಆಗ ನಡೆಸಿದ್ದರೆ ಏನಾಗುತ್ತಿತ್ತು? 2008ರ ಮಾರ್ಚ್ 31ರಂದು, ಸೂಚ್ಯಂಕ 15,644 ಇದ್ದಾಗ, ಮೊದಲ ಬಾರಿಗೆ ನಿಯಮ ಎಚ್ಚೆತ್ತು ಒಂದು ಲಕ್ಷ ಇಪ್ಪತ್ತು ಸಾವಿರ ಠೇವಣಿಯಿಂದ ಷೇರಿಗೆ ಹೋಗುತ್ತಿತ್ತು. ಅನಂತರ ಅಕ್ಟೋಬರ್ ಕೊನೆಗೆ, 9,788ರಲ್ಲಿ, ಮತ್ತೊಮ್ಮೆ ಎಚ್ಚೆತ್ತು ಒಂದೂವರೆ ಲಕ್ಷ ಬೇಡುತ್ತಿತ್ತು. ಆದರೆ ಆರು ಲಕ್ಷದ ಗೆರೆ ಅಡ್ಡ ಬಂದು ಎಂಬತ್ತು ಸಾವಿರವಷ್ಟೇ ಹೋಗುತ್ತಿತ್ತು. ಅಲ್ಲಿಗೆ ಬುತ್ತಿ ಖಾಲಿ. ಮಾರ್ಚ್ 9ರಂದು ಷೇರು ಆರು ಲಕ್ಷ, ಠೇವಣಿ ಆರು ಲಕ್ಷ. ನಿಯಮವನ್ನು ಅಕ್ಷರಶಃ ಪಾಲಿಸಿದವನ ಇಪ್ಪತ್ತು ಲಕ್ಷ ಹನ್ನೆರಡು ಲಕ್ಷವಾಗಿರುತ್ತಿತ್ತು.

ಈ ಲೆಕ್ಕವನ್ನು ಮರೆಮಾಡಿ ಹಾಳೆಯ ಗುಣಗಾನ ಮಾಡುವುದು ವಂಚನೆ. ಹಾಳೆ ನಷ್ಟವನ್ನು ತಡೆಯುವುದಿಲ್ಲ. ದೀರ್ಘ ಇಳಿತದಲ್ಲಿ ಅದು ಅವಧಿಗೆ ಮುಂಚೆಯೇ ಕೊಳ್ಳುತ್ತದೆ. ಕೊಂಡ ಮೇಲೂ ಬೆಲೆ ಇಳಿಯುತ್ತಲೇ ಇರುವಾಗ ನಿಯಮದ ಮೇಲಿನ ನಂಬಿಕೆಯೇ ಅಲುಗಾಡುತ್ತದೆ. ಅಂಥ ಕಾಲದಲ್ಲಿ ಮನೆಯನ್ನು ಕಾಪಾಡಿದ್ದು ಕೊಳ್ಳುವ ನಿಯಮವಲ್ಲ, ಆರು ಲಕ್ಷದ ಗೆರೆ. ಆ ಗೆರೆ ಇಲ್ಲದಿದ್ದರೆ ಮಗಳ ಕಾಲೇಜಿನ ಹಣವೂ ಅಗ್ಗದ ಆಸೆಯ ಹಿಂದೆ ಹೋಗಿ, ಪ್ರವೇಶದ ದಿನ ಷೇರನ್ನು ಅರ್ಧ ಬೆಲೆಗೆ ಮಾರಬೇಕಾಗುತ್ತಿತ್ತು. ಸೆನ್ಸೆಕ್ಸ್ ಆ ಹಳೆಯ ಎತ್ತರವನ್ನು 2010ರ ನವೆಂಬರಿನಲ್ಲಿ ಒಮ್ಮೆ ಮುಟ್ಟಿ, ಮತ್ತೆ ಇಳಿದು, ಸ್ಥಿರವಾಗಿ ಅದರ ಮೇಲೆ ನಿಂತದ್ದು 2013ರ ಕೊನೆಯ ಭಾಗದಲ್ಲಿ. ಮೊದಲ ಸಾಲಿನಲ್ಲಿ ಐದು ವರ್ಷಗಳ ವೆಚ್ಚ ಎಂದು ಬರೆಯುವುದಕ್ಕೆ ಈ ಆರು ವರ್ಷಗಳೇ ಕಾರಣ. ಮನೆಯಲ್ಲಿ ಒಬ್ಬರದೇ ಸಂಪಾದನೆಯಾದರೆ ಐದನ್ನು ಏಳೆಂದು ಬರೆದರೂ ಹೆಚ್ಚಲ್ಲ. ಜಪಾನಿನ ನಿಕ್ಕೇ ಸೂಚ್ಯಂಕವು 1989ರ ಡಿಸೆಂಬರಿನ ತನ್ನ ಎತ್ತರವನ್ನು ಮತ್ತೆ ಕಂಡದ್ದು 2024ರ ಫೆಬ್ರವರಿಯಲ್ಲಿ. ಒಂದು ದೇಶದ ಪೇಟೆಯೂ ಮೂವತ್ತನಾಲ್ಕು ವರ್ಷ ಕಾಯಿಸಬಲ್ಲದೆಂಬುದಕ್ಕೆ ಅದು ಸಾಕ್ಷಿ. ನಲವತ್ತು ಭಾಗ ಠೇವಣಿಯಲ್ಲಿರತಕ್ಕದ್ದೆಂಬ ಸಾಲನ್ನು ಏರಿಕೆಯ ಉತ್ಸಾಹದಲ್ಲಿ ಅಳಿಸಬಾರದೆಂಬುದಕ್ಕೂ.

ಹಾಳೆ ಕೆಡುವ ಬಗೆಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು, ಸೂಚ್ಯಂಕಕ್ಕೆ ಬರೆದ ನಿಯಮವನ್ನು ಒಂದೇ ಕಂಪನಿಯ ಷೇರಿಗೆ ಅನ್ವಯಿಸುವುದು. ಐವತ್ತು ಕಂಪನಿಗಳ ಪಟ್ಟಿಯಲ್ಲಿ ಸೋತವನ್ನು ತೆಗೆದು ಗೆದ್ದವನ್ನು ಸೇರಿಸುವ ಏರ್ಪಾಡು ಇರುತ್ತದೆ. ಒಂಟಿ ಕಂಪನಿಗೆ ಆ ರಕ್ಷೆಯಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟವನ್ನು ನಿಲ್ಲಿಸಿತು. ಅದರ ಷೇರನ್ನು 2018ರಲ್ಲಿ ಪೇಟೆಯ ಪಟ್ಟಿಯಿಂದಲೇ ತೆಗೆಯಲಾಯಿತು. ಇಳಿದಾಗಲೆಲ್ಲ ಕೊಂಡು ತಾಳ್ಮೆಯಿಂದಿದ್ದವರ ತಾಳ್ಮೆ ಅಲ್ಲಿ ಸದ್ಗುಣವಾಗಲಿಲ್ಲ. ಯಾರ ಬಳಿ ಒಂಟಿ ಷೇರುಗಳಿವೆಯೋ ಅವರು ಅವುಗಳಿಗೆ ಬೇರೆಯೇ ಹಾಳೆ ಬರೆಯಬೇಕು: ಒಟ್ಟು ಉಳಿತಾಯದಲ್ಲಿ ಅದರ ಪಾಲು ಇಷ್ಟನ್ನು ಮೀರಬಾರದು, ಕಂಪನಿಯ ಸಾಲ, ಲಾಭ ಈ ಎರಡರ ಸ್ಥಿತಿ ಇಂಥ ಮಟ್ಟಕ್ಕೆ ಬಂದರೆ ಮಾರತಕ್ಕದ್ದು ಎಂದು. ಇನ್ನು ಷೇರನ್ನೇ ಅಡವಿಟ್ಟು ತಂದ ಸಾಲದಿಂದ ಷೇರು ಕೊಂಡವರಿಗೆ ಯಾವ ಹಾಳೆಯೂ ಪ್ರಯೋಜನವಿಲ್ಲ. ಅವರ ಷೇರನ್ನು ಮಾರುವ ಅಧಿಕಾರ ಸಾಲ ಕೊಟ್ಟವನ ಕೈಯಲ್ಲಿರುತ್ತದೆ.

ಎರಡನೆಯದು ಠೇವಣಿಯ ಭಾಗವೇ ಬೇಕಾದ ದಿನ ಕೈಗೆ ಸಿಗದಿರುವುದು. 2020ರ ಏಪ್ರಿಲ್ 23ರಂದು, ಪೇಟೆ ಬಿದ್ದು ಒಂದು ತಿಂಗಳಾಗಿದ್ದಾಗ, ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ ತನ್ನ ಆರು ಸಾಲಪತ್ರ ಫಂಡುಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಷೇರಿಗಿಂತ ಭದ್ರವೆಂದು ಅಲ್ಲಿ ಹಣವಿಟ್ಟವರಿಗೆ ಮಾರುವ ಗುಂಡಿಯೇ ಇಲ್ಲವಾಯಿತು. ಮೊಕದ್ದಮೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನಡೆದು, ಹೂಡಿಕೆದಾರರ ಸಮ್ಮತಿಯಿಲ್ಲದೆ ಮುಚ್ಚುವಂತಿಲ್ಲವೆಂದು ಅಕ್ಟೋಬರ್ 24ರಂದು ತೀರ್ಪಾಯಿತು. ಮುಂದಿನ ಫೆಬ್ರವರಿಯಿಂದ ಹಣ ಕಂತುಕಂತಾಗಿ ಮರಳಿತು. ಮರಳಿದ್ದು ನಿಜ, ಆದರೆ ಶುಲ್ಕ ಕಟ್ಟುವ ದಿನ ಅದಕ್ಕಾಗಿ ಕಾಯುವುದಿಲ್ಲ. ಅಧಿಕ ಬಡ್ಡಿಯ ಆಸೆಗೆ ಬಿದ್ದು ಭದ್ರತೆಯ ಭಾಗವನ್ನು ಇಂಥಲ್ಲಿ ಇಡತಕ್ಕದ್ದಲ್ಲ. ಅತಿ ಭದ್ರವಾದ ಜಾಗದಲ್ಲಿಯೂ ಇನ್ನೊಂದು ತೊಡಕುಂಟು: ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರವನ್ನು ಐದು ವರ್ಷ ಮುರಿಸುವಂತಿಲ್ಲ, ಅಂಚೆಯ ಅವಧಿ ಠೇವಣಿಯನ್ನು ಮೊದಲ ಆರು ತಿಂಗಳು ತೆಗೆಯುವಂತಿಲ್ಲ. ಆದುದರಿಂದ ಮೇಷ್ಟರ ಎಂಟು ಲಕ್ಷದಲ್ಲಿ ಷೇರಿಗೆ ಚಲಿಸಬಹುದಾದ ಎರಡು ಲಕ್ಷವಾದರೂ, ಮುರಿಸಿದರೆ ಅಲ್ಪ ಬಡ್ಡಿ ಕಳೆದು ಅಂದೇ ಕೈಗೆ ಬರುವ ಬ್ಯಾಂಕ್ ಠೇವಣಿಯಲ್ಲಿ, ಐವತ್ತೈವತ್ತು ಸಾವಿರದ ನಾಲ್ಕು ರಸೀದಿಗಳಾಗಿ ಇರಬೇಕು. ಒಂದೇ ರಸೀದಿಯಾದರೆ ಐವತ್ತು ಸಾವಿರಕ್ಕಾಗಿ ಎರಡು ಲಕ್ಷವನ್ನೂ ಮುರಿಸಬೇಕಾದೀತು.

ಹಾಳೆಯ ಕೊನೆಯಲ್ಲಿ ತಿದ್ದುಪಡಿಯ ವಿಧಿ. ನಿಯಮವನ್ನು ಬದಲಿಸುವ ಹಕ್ಕು ಬರೆದವರಿಗೆ ಸದಾ ಇದೆ. ಆದರೆ ಇಂದು ಬರೆದ ಬದಲಾವಣೆ ಮೂವತ್ತು ದಿನಗಳ ಅನಂತರವೇ ಜಾರಿಗೆ ಬರತಕ್ಕದ್ದು. 2020ರ ಮಾರ್ಚ್ 23ರಂದು ಭಯದಿಂದ ಬರೆದ ತಿದ್ದುಪಡಿ ಏಪ್ರಿಲ್ 22ಕ್ಕೆ ಜಾರಿಗೆ ಬರುತ್ತಿತ್ತು. ಅಷ್ಟರಲ್ಲಿ ನಿಫ್ಟಿ 9,000ದ ಮೇಲೆ ಏರಿ, ತಿದ್ದುಪಡಿಯನ್ನು ಬರೆದವರೇ ಅದನ್ನು ಹರಿದುಹಾಕುತ್ತಿದ್ದರು.

2021ರ ಮಾರ್ಚ್ 31ರಂದು ಮೇಷ್ಟರ ವಾರ್ಷಿಕ ಲೆಕ್ಕ ಹೀಗಿರುತ್ತಿತ್ತು. ನಿಫ್ಟಿ 14,690; ಷೇರು ಹದಿನಾರು ಲಕ್ಷ ಎಪ್ಪತ್ತಾರು ಸಾವಿರ; ಠೇವಣಿ ಆರು ಲಕ್ಷ ಐವತ್ತನಾಲ್ಕು ಸಾವಿರ; ಒಟ್ಟು ಇಪ್ಪತ್ತಮೂರು ಲಕ್ಷ ಮೂವತ್ತು ಸಾವಿರ. ಷೇರಿನ ಪಾಲು ಎಪ್ಪತ್ತೆರಡಕ್ಕೆ ಏರಿರುವುದರಿಂದ, ಪೇಟೆ ಎತ್ತರದಲ್ಲಿದ್ದ ಆ ತಿಂಗಳಲ್ಲಿ ಹಾಳೆ ಸುಮಾರು ಎರಡು ಲಕ್ಷ ಎಪ್ಪತ್ತೆಂಟು ಸಾವಿರದಷ್ಟನ್ನು ಮಾರಿ ಠೇವಣಿಗೆ ಹಾಕಲು ಹೇಳುತ್ತದೆ. ಮೊದಲು ಕೊಂಡ ಯೂನಿಟ್ಟೇ ಮೊದಲು ಮಾರಾಟವಾದಂತೆ ಲೆಕ್ಕ; ವರ್ಷ ದಾಟಿದ ಯೂನಿಟ್ಟುಗಳ ಲಾಭದಲ್ಲಿ ಆಗ ವರ್ಷಕ್ಕೆ ಒಂದು ಲಕ್ಷದವರೆಗೆ ತೆರಿಗೆಯಿರಲಿಲ್ಲ, 2024-25ರ ಆರ್ಥಿಕ ವರ್ಷದಿಂದೀಚೆಗೆ ಆ ಮಿತಿ ಒಂದು ಲಕ್ಷ ಇಪ್ಪತ್ತೈದು ಸಾವಿರ, ಅದರ ಮೇಲಿನದಕ್ಕೆ 2024ರ ಜುಲೈ 23ರಿಂದ ಶೇಕಡಾ 12.5. ಲಾಭ ಮಿತಿಯನ್ನು ಮೀರುವಂತಿದ್ದರೆ ಅರ್ಧವನ್ನು ಮಾರ್ಚ್ 31ರಂದು, ಇನ್ನರ್ಧವನ್ನು ಏಪ್ರಿಲ್ ಮೊದಲ ವಾರದಲ್ಲಿ ಮಾರಿ ಎರಡು ವರ್ಷಗಳ ಮಿತಿಯನ್ನೂ ಉಪಯೋಗಿಸಿಕೊಳ್ಳಬಹುದು. ಠೇವಣಿ ಒಂಬತ್ತು ಲಕ್ಷ ಮೂವತ್ತೆರಡು ಸಾವಿರಕ್ಕೆ ಏರಿ, ಮುಂದಿನ ಇಳಿತಕ್ಕೆ ಚಲಿಸಬಲ್ಲ ಹಣ ಐವತ್ತನಾಲ್ಕು ಸಾವಿರದಿಂದ ಮೂರು ಲಕ್ಷ ಮೂವತ್ತೆರಡು ಸಾವಿರವಾಗುತ್ತದೆ. ಮಗಳ ಶುಲ್ಕದ ಮೊದಲ ಕಂತು ಮುಂದಿನ ವರ್ಷ ಹೋಗುವುದರಿಂದ ಆರು ಲಕ್ಷದ ಗೆರೆಯನ್ನು ಪುನಃ ಕೂಡಿಸಿ ಬರೆದು, ಇಬ್ಬರೂ ತಾರೀಖು ಹಾಕಿ ಸಹಿ ಮಾಡತಕ್ಕದ್ದು.